ಈಕ್ವಲ್ ಲೋ ಮುರದ ಕೂಡ್ಲೇ ಮಾರಬೇಕೋ, ಸ್ವೀಪ್ ಮುಗಿಯೋತನಕ ಕಾಯಬೇಕೋ?

ಬೆಟಗೇರಿ_ಚಾರ್ಟ್ (ಗದಗ)

ಎಲ್ಲಾರಿಗೂ ನಮಸ್ಕಾರ್ರಿ. ಒಂದು ಷೇರಿನ 15 ನಿಮಿಷದ ಚಾರ್ಟ್ ಮುಂದಿಟ್ಟು ಕೇಳಾಕತ್ತೀನಿ. ಷೇರಿನ ಹೆಸರು ಹಾಕಂಗಿಲ್ಲ, ಹಾಕಿದ್ರ ಮಾತು ಟಿಪ್ ಕಡೆ ತಿರುಗತೈತಿ.

ಮೊದಲ ದಿನ 11:30ರ ಕ್ಯಾಂಡಲ್‌ನಾಗ ಲೋ 632.10. ಅಲ್ಲಿಂದ 641.80 ತನಕ ಏರಿ, ಮತ್ತ ಇಳದು, 2:15ಕ್ಕ 632.35 ಮುಟ್ಟಿ ಎದ್ದತು. ದಿನದ ಕೊನಿಗೆ 636. ಮರುದಿನ 635.40ಕ್ಕ ಓಪನ್, 637.20 ತನಕ ಹೋಗಿ ತಿರುಗಿ ಬಿತ್ತು. 10:15ರ ಕ್ಯಾಂಡಲ್ 630.45 ತನಕ ಇಳದು 633.10ಕ್ಕ ಕ್ಲೋಸ್ ಆತು. ಆಮ್ಯಾಲೆ ಮಧ್ಯಾಹ್ನದೊಳಗ 641.80 ದಾಟಿತು.

ಎರಡು ಲೋ ನಡುವ 25 ಪೈಸೆ ಫರಕ್ ಐತಿ. ಇದನ್ನ ಈಕ್ವಲ್ ಲೋ ಅನ್ನಬಹುದಾ? ಕೆಳಗ ಮುರದದ್ದು ಸ್ವೀಪ್, ಅಂದ್ರ ಲೋ ಕೆಳಗಿನ ಸ್ಟಾಪ್‌ಲಾಸ್ ಹೊಡದು ತಿರುಗಿ ಮ್ಯಾಲೆ ಬರೂದು, ಅಂತ ಆ ಹೊತ್ತಿಗೇ ಹೆಂಗ ಗೊತ್ತಾಗಬೇಕು? ಎಂಟ್ರಿ ಎಲ್ಲಿ ತಗೋಬೇಕಿತ್ತು?

ಹಳೇಹುಬ್ಬಳ್ಳಿ_ಬ್ರೇಕೌಟ್

ಇದರಾಗ ಏನೂ ಗುಟ್ಟಿಲ್ರಿ. ಎರಡು ಸಲ ಮುಟ್ಟಿದ ಲೋ ಕೆಳಗ ಎಲ್ಲಾರೂ ಸ್ಟಾಪ್‌ಲಾಸ್ ಇಟ್ಟಿರತಾರ. ಆಪರೇಟರ್‌ಗೋಳಿಗೆ ಸ್ಕ್ರೀನ್ ಮ್ಯಾಲೆ ಅವೆಲ್ಲಾ ಕಾಣತಾವ. ಬಂದು ಹೊಡದು, ಅಗ್ಗಕ್ಕ ತಗೊಂಡು ಮ್ಯಾಲೆ ಒಯ್ಯತಾರ. ಹಂಗಾಗಿ ಲೋ ಕೆಳಗ ವಿಕ್ ಕಂಡ ಕೂಡ್ಲೇ ಖರೀದಿ ಮಾಡ್ರಿ, ತಡ ಮಾಡಿದ್ರ ರೇಟ್ ಸಿಗಂಗಿಲ್ಲ.

ಸಪ್ತಾಪುರ_ಅಕ್ಕ (ಧಾರವಾಡ)

ಅಣ್ಣಾರ, ಸ್ಟಾಪ್‌ಲಾಸ್ ಅಲ್ಲಿ ಗುಂಪಾಗಿ ಇರತಾವ ಅನ್ನೂದು ಖರೇ. ಆದ್ರ ಯಾರಿಗೋ ಸ್ಕ್ರೀನ್ ಮ್ಯಾಲೆ ಕಾಣತಾವ ಅನ್ನೂದು ಹಂಗಿಲ್ಲ. ಎನ್‌ಎಸ್‌ಇ ಒಳಗ ಸ್ಟಾಪ್‌ಲಾಸ್ ಆರ್ಡರ್ ಟ್ರಿಗರ್ ಆಗೋತನಕ ಬ್ಯಾರೆ ಬುಕ್‌ನ್ಯಾಗ ಕೂತಿರತದ, ಮಾರ್ಕೆಟ್ ಡೆಪ್ತ್‌ನ್ಯಾಗ ಬರೂದಿಲ್ಲ. ಕೊನೆಯ ವ್ಯವಹಾರದ ಬೆಲೆ ಟ್ರಿಗರ್ ಮುಟ್ಟಿದ ಮ್ಯಾಲೆನೇ ಅದು ಸಾದಾ ಆರ್ಡರ್ ಆಗಿ ಹೊರಗ ಬೀಳತದ. ಇನ್ನ ಬ್ರೋಕರ್ ಹತ್ರ ಜಿಟಿಟಿ ಇಟ್ಟವರದು ಅಲ್ಲೀತನಕ ಎಕ್ಸ್‌ಚೇಂಜ್‌ಗೇ ಹೋಗಿರೂದಿಲ್ಲ. ಯಾರೂ ಕದ್ದು ನೋಡಬೇಕಾದ ಕೆಲಸ ಇಲ್ಲಿಲ್ಲ. ಚಾರ್ಟ್ ನೋಡಿದ್ರ ಸಾಕು, ಎಲ್ಲಿ ಇಟ್ಟಿರತಾರ ಅಂತ ಯಾರಿಗಾದ್ರೂ ತಿಳೀತದ.

ಬೆಟಗೇರಿಯವರ ಚಾರ್ಟ್‌ನ್ಯಾಗ 632ರ ಕೆಳಗ ಎರಡು ಥರದ ಆರ್ಡರ್ ಅವ. ಡಬಲ್ ಬಾಟಮ್ ಅಂತ 633ಕ್ಕೋ 634ಕ್ಕೋ ತಗೊಂಡವರ ಸ್ಟಾಪ್‌ಲಾಸ್ ಒಂದು. 632 ಮುರದ್ರ ಶಾರ್ಟ್ ಮಾಡೋಣ ಅಂತ ಕಾಯೋವರ ಸೆಲ್ ಟ್ರಿಗರ್ ಇನ್ನೊಂದು. ಎರಡೂ ಮಾರಾಟದ ಆರ್ಡರೇ, ಎರಡೂ ಒಂದೇ ಗಳಿಗ್ಯಾಗ ಬೀಳತಾವ. ದೊಡ್ಡ ಪ್ರಮಾಣದಾಗ ಖರೀದಿ ಮಾಡಬೇಕಾದವರಿಗೆ ರೇಟ್ ಏರಿಸದಂಗ ಮಾಲು ಸಿಗೋ ಜಾಗ ಅದು. ಲಿಕ್ವಿಡಿಟಿ ಟಾರ್ಗೆಟ್ ಅಂದ್ರ ಇಷ್ಟೇ. ಅವರು ಬೇಕಂತ ಕೆಳಗ ತಳ್ಳತಾರೋ, ತಾನಾಗಿ ಇಳದಾಗ ತಗೋತಾರೋ, ಅದನ್ನ ಚಾರ್ಟ್ ನೋಡಿ ಸಾಬೀತು ಮಾಡಲಿಕ್ಕೆ ಬರೂದಿಲ್ಲ. ನಮ್ಮ ಟ್ರೇಡ್‌ಗೆ ಅದು ಬೇಕಾಗಿಯೂ ಇಲ್ಲ.

ವಿಕ್ ಕಂಡ ಕೂಡ್ಲೇ ಖರೀದಿ ಮಾಡ್ರಿ ಅಂದದ್ದು ಅಪಾಯದ ಮಾತು. ಕ್ಯಾಂಡಲ್ ನಡದಿರೋವಾಗ ವಿಕ್ ಅಂತ ಒಂದು ಇರೂದೇ ಇಲ್ಲ, ಉದ್ದನ ಕೆಂಪು ಕ್ಯಾಂಡಲ್ ಇರತದ. ಕ್ಲೋಸ್ ಆದ ಮ್ಯಾಲೆನೇ ಅದು ವಿಕ್.

ಬೆಟಗೇರಿಯವರ, ಅವತ್ತಿನ 15 ನಿಮಿಷದ ಎಟಿಆರ್, ಅಂದ್ರ ಒಂದು ಕ್ಯಾಂಡಲ್‌ನ ಸರಾಸರಿ ಏರಿಳಿತ, ಎಷ್ಟಿತ್ತು? ಹತ್ತೂಕಾಲಿನಿಂದ ಹನ್ನೊಂದರ ತನಕ 5 ನಿಮಿಷದ ಕ್ಯಾಂಡಲ್ ಹೆಂಗ ಮುಗದವು? ಅಷ್ಟು ಹಾಕ್ರಿ.

ಬ್ಯಾಡಗಿ_ಡಬ್ಬಿ (ಹಾವೇರಿ)

ಲಿಕ್ವಿಡಿಟಿ ಬಗ್ಗೆ ನಂದೂ ಒಂದು ಕೇಳ್ರಿ. ನನ್ನ ಹತ್ರ ಒಂದು ಸಣ್ಣ ಕಂಪನಿ ಷೇರು ಅದಾವು. ಮಾರಾಕ ಹೋದ್ರ ತಗೊಳ್ಳೋರೇ ಇರಂಗಿಲ್ಲ. ಅದರಾಗೂ ಮೂರು ಸಲ ಒಂದೇ ಕಡೆ ಲೋ ಬಂದೈತಿ. ಹಂಗಾದ್ರ ಅಲ್ಲಿ ಲಿಕ್ವಿಡಿಟಿ ಐತಿ ಅಂತ ಅರ್ಥ ಏನ್ರಿ? ಅಲ್ಲಿ ಮಾರಿದ್ರ ಹೋಗತಾವ?

ಸಪ್ತಾಪುರ_ಅಕ್ಕ (ಧಾರವಾಡ)

ಇಲ್ರಿ ಕಾಕಾ, ನೀವು ಕೇಳೂದು ವಹಿವಾಟಿನ ಪ್ರಮಾಣದ ಮಾತು. ಇಲ್ಲಿ ನಾವು ಅನ್ನೂದು ಒಂದು ಬೆಲೆಯ ಆಚೆ ಕಾದು ಕೂತ ಆರ್ಡರ್‌ಗಳ ಗುಂಪು. ನಿಮ್ಮ ಷೇರಿನ್ಯಾಗ ದಿನಕ್ಕ ವ್ಯವಹಾರನೇ ಕಡಿಮಿ ಇದ್ರ, ಲೋ ಮೂರು ಸಲ ಒಂದೇ ಕಡೆ ಬಂದದ್ದಕ್ಕ ಅರ್ಥ ಹಚ್ಚಲಿಕ್ಕೆ ಹೋಗಬ್ಯಾಡ್ರಿ. ಒಬ್ಬನೇ ಒಂದು ಬೆಲಿಗೆ ಖರೀದಿ ಆರ್ಡರ್ ಹಾಕಿ ಕೂತಿದ್ರೂ ಹಂಗ ಕಾಣತದ. ಅಲ್ಲಿ ಮಾರೋದಾದ್ರ ಲಿಮಿಟ್ ಆರ್ಡರ್ ಹಾಕಿ, ಸ್ವಲ್ಪ ಸ್ವಲ್ಪ ಮಾರ್ರಿ. ಸ್ಟಾಪ್‌ಲಾಸ್ ಮಾರ್ಕೆಟ್ ಆರ್ಡರ್ ಅಂತೂ ಬ್ಯಾಡೇ ಬ್ಯಾಡ, ಖರೀದಿದಾರರು ಇಲ್ಲದ ಕಡೆ ಅದು ಎಲ್ಲಿಗೆ ಹೋಗಿ ಬೀಳತದೋ ಹೇಳಲಿಕ್ಕೆ ಆಗೂದಿಲ್ಲ.

ಬೆಟಗೇರಿ_ಚಾರ್ಟ್ (ಗದಗ)

ಅಕ್ಕಾರ, ತಗೋರಿ. 15 ನಿಮಿಷದ ಎಟಿಆರ್ 2.60, 5 ನಿಮಿಷದ್ದು 1.40.

10:05ರ ಕ್ಯಾಂಡಲ್ ಹೈ 634.70, ಅಲ್ಲಿಂದ ಬಿದ್ದತು. 10:15ರದು ಕ್ಲೋಸ್ 631.20. 10:20ರದು ಲೋ 630.45, ಕ್ಲೋಸ್ 631.90. 10:25ರದು ಕ್ಲೋಸ್ 633.10. 10:35ರದು ಕ್ಲೋಸ್ 635.05. 10:50ರದು ತಿರುಗಿ 633.60 ತನಕ ಬಂದು, ಅಲ್ಲಿಂದ ಎದ್ದು ಹೋತು.

ಸಪ್ತಾಪುರ_ಅಕ್ಕ (ಧಾರವಾಡ)

ಈಗ ಕೆಲಸಕ್ಕ ಬಂತು ನೋಡ್ರಿ. ಮೊದಲ ಪ್ರಶ್ನೆ, ಸಮ ಅನ್ನೂದು ಎಷ್ಟರ ಮಟ್ಟಿಗೆ. ಪೈಸೆ ಲೆಕ್ಕದಾಗ ಒಂದು ಅಳತಿ ಎಲ್ಲಾ ಷೇರಿಗೂ ಹೊಂದೂದಿಲ್ಲ. ಆ ಚಾರ್ಟ್‌ನ ಎಟಿಆರ್‌ನ ಹತ್ತನೇ ಒಂದು ಪಾಲು ಹಿಡೀರಿ. 2.60ಕ್ಕ 26 ಪೈಸೆ. ನಿಮ್ಮದು 25 ಪೈಸೆ, ಒಪ್ಪಬಹುದು. 60 ಪೈಸೆ ಇದ್ದಿದ್ರ ಅದನ್ನ ಹೈಯರ್ ಲೋ ಅನ್ನತಿದ್ದೆ. ಇನ್ನೊಂದು ನೋಡಬೇಕಾದ್ದು, ನಡುವಿನ ಪುಟಿತ. 632.10ರಿಂದ 641.80 ಅಂದ್ರ 9.70, ಎಟಿಆರ್‌ನ ಮೂರೂವರಿ ಪಟ್ಟಿಗಿಂತ ಹೆಚ್ಚು. ಅಷ್ಟು ಪುಟದದ್ದಕ್ಕೇ ಜನ ಅದನ್ನ ಬಾಟಮ್ ಅಂತ ನಂಬಿ ಕೆಳಗ ಸ್ಟಾಪ್ ಇಟ್ಟದ್ದು. ಒಂದೇ ಕಡೆ ನಾಕು ಕ್ಯಾಂಡಲ್ ಒತ್ತಿಗೊಂಡು ನಿಂತು ಲೋ ಸಮ ಆಗಿದ್ರ ಅದು ಬರೇ ಗದ್ದಲ, ಅದರ ಕೆಳಗ ಯಾರೂ ಏನೂ ಇಟ್ಟಿರೂದಿಲ್ಲ.

ಎರಡನೇದು, ಸ್ವೀಪ್ ಖಾತ್ರಿ. ಗೆರಿ 632.10, ಎರಡರಾಗ ಕೆಳಗಿಂದು. ಇಳದದ್ದು 630.45ರ ತನಕ, ಅಂದ್ರ 1.65, ಎಟಿಆರ್‌ನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. 15 ನಿಮಿಷದ ಕ್ಯಾಂಡಲ್ 633.10ಕ್ಕ, ಗೆರಿ ಮ್ಯಾಲೆ ಮುಗೀತು. ಒಂದು ಕ್ಯಾಂಡಲ್‌ನ್ಯಾಗ ಮರಳಿದ್ರ ಚೊಲೋ, ಮೂರರ ತನಕ ಕಾಯಬಹುದು. ನಾಕನೇ ಕ್ಯಾಂಡಲ್ಲೂ ಗೆರಿ ಕೆಳಗೇ ಮುಗದ್ರ ಅದು ಸ್ವೀಪ್ ಅಲ್ಲ, ಮುರದದ್ದು. ಗೆರಿ ಅಳಿಸಿಬಿಡ್ರಿ. ಒಂದೂವರಿ ಎಟಿಆರ್ ಕೆಳಗ ಹೋಗಿ ಮರಳಿದ್ರೂ ನಾನು ಬಿಡತೀನಿ, ಯಾಕಂದ್ರ ಸ್ಟಾಪ್ ಅಷ್ಟು ದೂರ ಇಡಬೇಕಾಗತದ, ಗಳಿಕೆಗೆ ಜಾಗ ಉಳಿಯೂದಿಲ್ಲ.

ಆದ್ರ 10:30ಕ್ಕ ಕ್ಯಾಂಡಲ್ ಮುಗದದ್ದು ಎಂಟ್ರಿ ಅಲ್ಲ. ಸ್ಟಾಪ್‌ಗಳು ಬಿದ್ದು ಮುಗದಾವ ಅಂತ ಮಾತ್ರ ಅದು ಹೇಳತದ. ಮಾರೋವರ ಕೈ ಸೋತದ ಅಂತ ಗೊತ್ತಾಗಲಿಕ್ಕೆ 5 ನಿಮಿಷದ ಚಾರ್ಟ್‌ಗೆ ಹೋಗಬೇಕು. ಕೆಳಗ ಬೀಳೂದಕ್ಕಿಂತ ಮೊದಲಿನ ಕೊನೆಯ ಹೈ 634.70. 10:35ರ ಕ್ಯಾಂಡಲ್ 635.05ಕ್ಕ ಮುಗದು ಅದನ್ನ ದಾಟಿತು. ಅಲ್ಲಿ ರಚನೆ ತಿರುಗಿತು. ಅದಾದ ಮ್ಯಾಲೆ ಓಡಿ ತಗೊಳ್ಳೂದಿಲ್ಲ, 630.45ರಿಂದ ಏರಿದ ದಾರಿಯೊಳಗ ಹಿಂದ ಬರೂದನ್ನ ಕಾದು ಲಿಮಿಟ್ ಹಾಕೂದು. 633.80ಕ್ಕ ಹಾಕಿದ್ರ 10:50ಕ್ಕ ಸಿಗತಿತ್ತು.

ಸ್ಟಾಪ್ ಸ್ವೀಪ್‌ನ ತುದಿ ಕೆಳಗ, 5 ನಿಮಿಷದ ಎಟಿಆರ್‌ನ ಕಾಲು ಭಾಗ ಬಿಟ್ಟು. 630.45ರಾಗ 35 ಪೈಸೆ ಕಳದ್ರ 630.10. ಒಂದು ಷೇರಿಗೆ ಅಪಾಯ 3.70. ಖಾತೆಯೊಳಗ 2 ಲಕ್ಷ ಇದ್ದು, ಒಂದು ಟ್ರೇಡ್‌ಗೆ ಅರ್ಧ ಪರ್ಸೆಂಟ್ ಅಂದ್ರ ₹1000 ಕಳಕೊಳ್ಳಲಿಕ್ಕೆ ತಯಾರಿದ್ರ 270 ಷೇರು. ಮೊದಲ ಗುರಿ ಆ ದಿನದ ಹೈ 637.20ರ ಸ್ವಲ್ಪ ಕೆಳಗ, 637. ಅಲ್ಲಿ ಅರ್ಧ, 135 ಷೇರು ಬಿಟ್ಟರ ₹432. ಉಳದದ್ದು ಹಿಂದಿನ ದಿನದ 641.80ರ ಹತ್ರ 641.50ಕ್ಕ ಹೋದ್ರ ₹1039.50. ಒಟ್ಟು ₹1471.50. ಇದರಾಗ ಬ್ರೋಕರೇಜ್, ಎಸ್‌ಟಿಟಿ, ಜಿಎಸ್‌ಟಿ ಎಲ್ಲಾ ಸೇರಿ ₹130ರ ಆಸುಪಾಸು ಹೋಗತದ. ಸ್ಟಾಪ್ ಹೊಡದ ದಿನವೂ ಖರ್ಚು ಹೋಗೂದೇ. ಅದಕ್ಕ ಮೊದಲ ಗುರಿ ಒಂದೇ ಸಿಗೋ ಟ್ರೇಡ್ ಆಗಿದ್ರ ಅದು ಲೆಕ್ಕಕ್ಕ ಬರೂದಿಲ್ಲ. ಎಂಟ್ರಿಗೆ ಮೊದಲೇ ಎರಡನೇ ಗುರಿಗೆ ದಾರಿ ತೆರದದನೋ ಇಲ್ಲೋ ನೋಡ್ರಿ.

ಉಣಕಲ್_ಕೋಡ್ (ಹುಬ್ಬಳ್ಳಿ)

ಸ್ಟಾಪ್ ವಿಷಯದಾಗ ನಂದು ಬ್ಯಾರೆ ಅಭಿಪ್ರಾಯ. 630.10 ಅಂದ್ರ 630 ಅನ್ನೋ ರೌಂಡ್ ನಂಬರ್‌ಗಿಂತ ಸ್ವಲ್ಪೇ ಮ್ಯಾಲೆ. ಮೊದಲ ಸ್ವೀಪ್ 630.45ಕ್ಕ ನಿಂತದ್ದರಿಂದ 630ರ ಕೆಳಗಿನ ಆರ್ಡರ್ ಇನ್ನೂ ಹಂಗೇ ಅದಾವ. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕ್‌ನ್ಯಾಗಿದ್ದ ಕ್ಯಾರೊಲ್ ಆಸ್ಲರ್ ಕರೆನ್ಸಿ ಮಾರ್ಕೆಟ್‌ನ ಖರೇ ಆರ್ಡರ್‌ಗಳನ್ನೇ ತಗದು ನೋಡಿದ್ರು. ಲಾಭ ತಗೊಳ್ಳೋ ಆರ್ಡರ್ ಬರೋಬ್ಬರಿ ರೌಂಡ್ ನಂಬರ್‌ಗೇ ಕೂತಿರತಾವ, ಮಾರಾಟದ ಸ್ಟಾಪ್‌ಲಾಸ್ ಅದರ ಸ್ವಲ್ಪ ಕೆಳಗ, ಖರೀದಿಯ ಸ್ಟಾಪ್‌ಲಾಸ್ ಸ್ವಲ್ಪ ಮ್ಯಾಲೆ ಗುಂಪಾಗಿರತಾವ ಅಂತ ಅದರಾಗ ಕಂಡದ. ಅದು ಕರೆನ್ಸಿ, ಇದು ಷೇರು, ಒಪ್ಪತೀನಿ. ಆದ್ರ ಸ್ಟಾಪ್ ಇಡೋರು ಮನುಷ್ಯರೇ. ನಾನಾಗಿದ್ರ ಸ್ಟಾಪ್ 629.60ಕ್ಕ ಇಟ್ಟು, 270ರ ಬದಲಿ 238 ಷೇರು ತಗೋತಿದ್ದೆ. ರೂಪಾಯಿ ಅಪಾಯ ಅಷ್ಟೇ ಇರತದ.

ಸಪ್ತಾಪುರ_ಅಕ್ಕ (ಧಾರವಾಡ)

ಮಾತು ತೆಗೆದುಹಾಕೋವಂಥಾದ್ದಲ್ಲ. ಆದ್ರ ರಚನೆ ತಿರುಗಿದ ಮ್ಯಾಲೆ ಬೆಲೆ ಮತ್ತ 630.45ರ ಕೆಳಗ ಬಂತಂದ್ರ ನನ್ನ ಕಾರಣನೇ ಬಿದ್ದುಹೋತು. ಅಲ್ಲಿ ಹೊರಗ ಬಂದು, ಎರಡನೇ ಸ್ವೀಪ್ ಆದ್ರ ಹೊಸ ಟ್ರೇಡ್ ಅಂತ ತಗೊಳ್ಳೂದು ನನ್ನ ಪದ್ಧತಿ.

ಉಣಕಲ್_ಕೋಡ್ (ಹುಬ್ಬಳ್ಳಿ)

ಎರಡು ಸಲ ಹೊರಗ ಬಂದ್ರ ಎರಡು ಸಲ ಖರ್ಚು, ಅಕ್ಕಾರ. ಇದರಾಗ ನಾನು ಒಪ್ಪೂದಿಲ್ಲ.

ಗೆರಿ ಹಾಕಲಿಕ್ಕೆ ಬ್ಯಾಸರ ಅನ್ನೋವರಿಗೆ ಟ್ರೇಡಿಂಗ್‌ವ್ಯೂ ಪೈನ್ ಎಡಿಟರ್‌ಗೆ ಇದನ್ನ ಹಾಕ್ರಿ. ಸಮ ಅನ್ನೂದಕ್ಕ ಅಕ್ಕಾರು ಹೇಳಿದ ಎಟಿಆರ್‌ನ ಹತ್ತನೇ ಪಾಲಿನ ಅಳತಿನೇ ಇದರಾಗದ.

```
//@version=5
indicator("EQL sweep", overlay=true)
n   = input.int(5)
tol = ta.atr(14) * 0.10
pl  = ta.pivotlow(low, n, n)
var float p1  = na
var float lvl = na
if not na(pl)
    if not na(p1) and math.abs(pl - p1) <= tol
        lvl := math.min(pl, p1)
    p1 := pl
sweep = not na(lvl) and low < lvl and close > lvl
plotshape(sweep, style=shape.triangleup, location=location.belowbar)
if not na(lvl) and (sweep or close < lvl)
    lvl := na
```

ಮೂರು ಮಿತಿ ಗೊತ್ತಿರಲಿ. ಲೋ ಆದ 5 ಕ್ಯಾಂಡಲ್ ನಂತರನೇ ಅದಕ್ಕ ಅದು ಲೋ ಅಂತ ತಿಳೀತದ, 15 ನಿಮಿಷದಾಗ ಅಂದ್ರ ಒಂದೂಕಾಲು ತಾಸು. ಒಂದರ ಹಿಂದ ಒಂದು ಬಂದ ಎರಡು ಲೋ ಮಾತ್ರ ಹೋಲಿಸತದ. ಮತ್ತ ಒಂದೇ ಕ್ಯಾಂಡಲ್‌ನ್ಯಾಗ ಮರಳಿದ್ದಕ್ಕ ಮಾತ್ರ ಗುರುತು ಹಾಕತದ, ಅಕ್ಕಾರು ಹೇಳಿದ ಎರಡು ಮೂರು ಕ್ಯಾಂಡಲ್‌ನ ಮರಳುವಿಕೆ ಇದಕ್ಕ ಸಿಗೂದಿಲ್ಲ. ನಡದಿರೋ ಕ್ಯಾಂಡಲ್ ಮ್ಯಾಲೆ ತ್ರಿಕೋನ ಬಂದು ಹೋಗಿ ಮಾಡತದ, ಕ್ಲೋಸ್ ಆಗೋತನಕ ನಂಬಬ್ಯಾಡ್ರಿ.

ಹಳೇಹುಬ್ಬಳ್ಳಿ_ಬ್ರೇಕೌಟ್

ಆತ್ರಿ ಅಕ್ಕಾರ, ಕ್ಲೋಸ್‌ಗೆ ಕಾಯೋಣ. ಆದ್ರ ಒಂದು ಮಾತು. ಎಷ್ಟು ಹೆಚ್ಚು ಸಲ ಮುಟ್ಟಿದ್ರ ಸಪೋರ್ಟ್ ಅಷ್ಟು ಗಟ್ಟಿ ಅಂತ ಕಲತಿದ್ವಿ. ನೀವು ಹೇಳೂದು ನೋಡಿದ್ರ ಅಷ್ಟು ಹೆಚ್ಚು ಅಪಾಯ ಅಂದಂಗಾತು.

ಸಪ್ತಾಪುರ_ಅಕ್ಕ (ಧಾರವಾಡ)

ಎರಡೂ ಒಂದೇ ಗೆರಿ ಬಗ್ಗೆ ಇರೋ ಎರಡು ಮಾತು. ಗೆರಿ ಮ್ಯಾಲೆ ಖರೀದಿ ಲಿಮಿಟ್ ಆರ್ಡರ್ ಇರತಾವ, ಕೆಳಗ ಮಾರಾಟದ ಸ್ಟಾಪ್ ಇರತಾವ. ಪ್ರತಿ ಸಲ ಮುಟ್ಟಿದಾಗ ಮ್ಯಾಲಿನ ಖರೀದಿ ಸ್ವಲ್ಪ ಕರಗತದ, ಕೆಳಗಿನ ಸ್ಟಾಪ್ ಸ್ವಲ್ಪ ಬೆಳೀತದ. ನಾಕನೇ, ಐದನೇ ಮುಟ್ಟಿಗೆ, ಅದೂ ಪ್ರತಿ ಪುಟಿತ ಹಿಂದಿನದಕ್ಕಿಂತ ಸಣ್ಣದಾಗ್ಕೋತ ಬಂದಿದ್ರ, ಮುರದು ಹೋಗೂದಕ್ಕ ತಯಾರಿರ್ರಿ. ಅಂಥಲ್ಲಿ ಸ್ವೀಪ್ ಅಂತ ಕಾದು ಖರೀದಿ ಮಾಡೂದು ಬ್ಯಾಡ.

ಇದು ಕೈಕೊಡೋ ಇನ್ನೆರಡು ಜಾಗ ಹೇಳತೀನಿ. ಒಂದು, ಗ್ಯಾಪ್. ಬೆಳಿಗ್ಗೆ 9:15ಕ್ಕ ಗೆರಿ ಕೆಳಗೇ ಓಪನ್ ಆದ್ರ ಸ್ಟಾಪ್‌ಗಳೆಲ್ಲಾ ಒಂದೇ ಏಟಿಗೆ, ಬ್ಯಾರೆ ಬೆಲಿಗೆ ಬಿದ್ದಿರತಾವ. ಆಮ್ಯಾಲೆ ಗೆರಿ ಮ್ಯಾಲೆ ಬಂದ್ರೂ ಅದನ್ನ ಈ ಲೆಕ್ಕದಾಗ ಸೇರಿಸಬ್ಯಾಡ್ರಿ. ಎರಡು, ಸುದ್ದಿ. ಕಂಪನಿ ಫಲಿತಾಂಶದ ದಿನ, ಆರ್‌ಬಿಐ ಬಡ್ಡಿದರದ ದಿನ, ಮಾರಾಟ ಸ್ಟಾಪ್‌ನಿಂದ ಬರೂದಲ್ಲ, ಖರೇ ಮಾರೋವರೇ ಬಂದಿರತಾರ. ಗುರುತು ಹೆಂಗಂದ್ರ, ಗೆರಿ ಮುರದ ಮ್ಯಾಲೆ 5 ನಿಮಿಷದ ಕ್ಯಾಂಡಲ್ ಒಂದರ ಕೆಳಗೊಂದು ತಮ್ಮ ಲೋ ಹತ್ರನೇ ಮುಗೀತಾವ, ವಾಲ್ಯೂಮ್ ಇಳಿಯೂದಿಲ್ಲ. ಸ್ವೀಪ್‌ನ್ಯಾಗ ವಾಲ್ಯೂಮ್ ಒಂದೆರಡು ಕ್ಯಾಂಡಲ್‌ಗೆ ಏರಿ, ಮುಂದ ಸೊರಗತದ.

ರಾಣೆಬೆನ್ನೂರು_ಆಪ್ಷನ್

ನನಗೆ ನಿಫ್ಟಿ ಬಗ್ಗೆ ಕೇಳಬೇಕಿತ್ತು. ಸ್ಪಾಟ್ ಚಾರ್ಟ್‌ನಲ್ಲಿ ಈಕ್ವಲ್ ಹೈ ಚೆನ್ನಾಗಿ ಕಾಣುತ್ತದೆ, ಫ್ಯೂಚರ್‌ನಲ್ಲಿ ಅದೇ ಎರಡು ಹೈ 15 ಪಾಯಿಂಟ್ ವ್ಯತ್ಯಾಸ ಇರುತ್ತವೆ. ಯಾವುದನ್ನು ನಂಬಬೇಕು? ನಾನು ಸ್ವೀಪ್ ನೋಡಿ ಪುಟ್ ಆಪ್ಷನ್ ಖರೀದಿ ಮಾಡುವವನು. ಹೋದ ವಾರ ಸ್ಟಾಪ್ ಟ್ರಿಗರ್ 120, ಲಿಮಿಟ್ 119.50 ಇಟ್ಟಿದ್ದೆ. ಬೆಲೆ ನೇರ 117ಕ್ಕೆ ಹೋಯಿತು, ಆರ್ಡರ್ ಹಾಗೇ ತೆರೆದುಕೊಂಡು ನಿಂತಿತು.

ಸಪ್ತಾಪುರ_ಅಕ್ಕ (ಧಾರವಾಡ)

ಎರಡನೇದಕ್ಕ ಮೊದಲು ಉತ್ತರ. ಎನ್‌ಎಸ್‌ಇ 2021ರ ಸೆಪ್ಟೆಂಬರ್‌ನ್ಯಾಗ ಆಪ್ಷನ್‌ಗೆ ಎಸ್‌ಎಲ್-ಎಂ, ಅಂದ್ರ ಸ್ಟಾಪ್‌ಲಾಸ್ ಮಾರ್ಕೆಟ್ ಆರ್ಡರ್, ನಿಲ್ಲಿಸಿತು. ಈಗ ಟ್ರಿಗರ್ ಜೊತೆ ಲಿಮಿಟ್ ಇಡಲೇಬೇಕು. 50 ಪೈಸೆ ಅಂತರ ಇಟ್ಟರ ಸ್ವೀಪ್ ಹೊತ್ತಿನ ಓಟಕ್ಕ ಅದು ಸಾಲೂದಿಲ್ಲ. 120ರ ಪ್ರೀಮಿಯಂಗೆ ಲಿಮಿಟ್ 115ರ ಹತ್ರ ಇಡ್ರಿ. 115ಕ್ಕೇ ಮಾರತದ ಅಂತ ತಿಳೀಬ್ಯಾಡ್ರಿ, ಆ ಗಳಿಗ್ಯಾಗ ಸಿಗೋ ಒಳ್ಳೆ ಖರೀದಿ ಬೆಲೆಯಿಂದ ಶುರು ಆಗತದ, 115ರ ಕೆಳಗ ಮಾತ್ರ ಹೋಗೂದಿಲ್ಲ.

ಇನ್ನ ಸ್ಪಾಟ್. ನಿಫ್ಟಿ ಸ್ಪಾಟ್ ಅಂದ್ರ 50 ಷೇರುಗಳ ಬೆಲೆಯಿಂದ ತಗದ ಒಂದು ಅಂಕಿ. ಅದನ್ನ ಯಾರೂ ಮಾರೂದಿಲ್ಲ, ಕೊಳ್ಳೂದಿಲ್ಲ, ಹಂಗಾಗಿ ಆ ಅಂಕಿ ಮ್ಯಾಲೆ ಎಕ್ಸ್‌ಚೇಂಜ್‌ನ್ಯಾಗ ಒಂದೂ ಸ್ಟಾಪ್ ಕೂತಿರೂದಿಲ್ಲ. ಖರೇ ಆರ್ಡರ್ ಇರೂದು ಫ್ಯೂಚರ್, ಆಪ್ಷನ್ ಒಳಗ. ನಾನು ಫ್ಯೂಚರ್ ಚಾರ್ಟ್‌ನ್ಯಾಗೂ ಹೈ ಸಮ ಇದ್ರ ಮಾತ್ರ ಗೆರಿ ಹಾಕತೀನಿ.

ಉಣಕಲ್_ಕೋಡ್ (ಹುಬ್ಬಳ್ಳಿ)

ಇಲ್ಲಿ ಒಂದು ಸೇರಿಸಬೇಕು. ಆಪ್ಷನ್ ಮಾಡೋವರು ಬಹಳ ಮಂದಿ ಸ್ಪಾಟ್ ಚಾರ್ಟ್ ನೋಡೇ ಕೈಯಿಂದ ಹೊರಗ ಬರತಾರ. ಬಹಳಷ್ಟು ಆಲ್ಗೋನೂ ಸ್ಪಾಟ್ ಬೆಲಿಗೇ ಕಟ್ಟಿರತಾರ. ಎಕ್ಸ್‌ಚೇಂಜ್‌ನ್ಯಾಗ ಆರ್ಡರ್ ಇರದಿದ್ರೂ ಆ ಗೆರಿ ದಾಟಿದ ಗಳಿಗ್ಯಾಗ ಆರ್ಡರ್ ಹುಟ್ಟತಾವ. ಅದಕ್ಕ ಸ್ಪಾಟ್ ಗೆರಿಗೂ ಬೆಲೆ ಅದ ಅಂತ ನನ್ನ ಲೆಕ್ಕ. ಎಷ್ಟು ಅಂತ ಅಳೀಲಿಕ್ಕೆ ದಾರಿ ಇಲ್ಲ.

ರಾಣೆಬೆನ್ನೂರು_ಆಪ್ಷನ್

ಅಂದರೆ ಎರಡೂ ಚಾರ್ಟ್‌ನಲ್ಲಿ ಸಮ ಇದ್ದರೆ ಪೂರ್ತಿ ಪ್ರಮಾಣ, ಸ್ಪಾಟ್‌ನಲ್ಲಿ ಮಾತ್ರ ಇದ್ದರೆ ಅರ್ಧ ಎಂದು ಇಟ್ಟುಕೊಳ್ಳಬಹುದೇ?

ಸಪ್ತಾಪುರ_ಅಕ್ಕ (ಧಾರವಾಡ)

ಒಂದೇ ಲಾಟ್ ಮಾಡೋವರಿಗೆ ಅರ್ಧ ಅನ್ನೂದೇ ಬರೂದಿಲ್ಲಲ್ಲ ತಮ್ಮಾ, ಬಿಡೂದೇ ಇರೂದು. ಇನ್ನೊಂದು ಮಾತು, ಆಪ್ಷನ್ ಕೊಂಡು ಸ್ವೀಪ್ ಆಡೋವರಿಗೆ ಹೊತ್ತೂ ವೈರಿ. ರಚನೆ ತಿರುಗಲಿ, ಹಿಂದ ಬರಲಿ ಅಂತ ಕಾದು ತಗೊಂಡ ಮ್ಯಾಲೆ ಬೆಲೆ ಅಲ್ಲೇ ತೂಗಾಡಿದ್ರ, ದಿಕ್ಕು ಸರಿ ಇದ್ರೂ ಪ್ರೀಮಿಯಂ ಕರಗತದ, ಎಕ್ಸ್‌ಪೈರಿ ದಿನ ಅಂತೂ ಕೇಳೂದೇ ಬ್ಯಾಡ. ಸೆಬಿ 2024ರ ಸೆಪ್ಟೆಂಬರ್‌ನ್ಯಾಗ ಹೊರಗ ಹಾಕಿದ ಅಧ್ಯಯನದಾಗ ಮೂರು ಹಣಕಾಸು ವರ್ಷ ಸೇರಿ, ಎಫ್ ಅಂಡ್ ಓ ಮಾಡಿದ ವ್ಯಕ್ತಿಗಳೊಳಗ 93 ಪರ್ಸೆಂಟ್ ಮಂದಿ ನಷ್ಟದಾಗಿದ್ರು. ಈ ಪದ್ಧತಿ ಕಲೀಬೇಕಂದ್ರ ಮೊದಲು ಕ್ಯಾಶ್ ಷೇರಿನ್ಯಾಗ, ಕಡಿಮಿ ಸಂಖ್ಯೆದಾಗ ಮಾಡ್ರಿ. 10 ಷೇರು ತಗೊಂಡ್ರೂ ಲೆಕ್ಕ ಇದೇ ಇರತದ.

ಬೆಟಗೇರಿ_ಚಾರ್ಟ್ (ಗದಗ)

ಕೊನೇದೊಂದು ಕೇಳತೀನ್ರಿ. ಈಕ್ವಲ್ ಹೈ ಸ್ವೀಪ್ ಆದ್ರ ಇದನ್ನೇ ತಲಿಕೆಳಗ ಮಾಡಿ ಕ್ಯಾಶ್‌ನಾಗ ಶಾರ್ಟ್ ಹೊಡೀಬಹುದಾ? ಮತ್ತ ಸ್ವೀಪ್ ಆಗದೇ ಗೆರಿ ಮ್ಯಾಲಿಂದನೇ ತಿರುಗಿ ಹೋದ್ರ?

ಸಪ್ತಾಪುರ_ಅಕ್ಕ (ಧಾರವಾಡ)

ಗೆರಿ ಮುಟ್ಟದೇ ತಿರುಗಿದ್ರ ಟ್ರೇಡ್ ಇಲ್ಲ. ಬೆನ್ನು ಹತ್ತಬ್ಯಾಡ್ರಿ. ಸ್ಟಾಪ್ ಎಲ್ಲಿ ಇಡಬೇಕು ಅನ್ನೂದಕ್ಕ ಅಲ್ಲಿ ತುದೀನೇ ಸಿಕ್ಕಿರೂದಿಲ್ಲ. ಆ ಆರ್ಡರ್‌ಗಳು ಇನ್ನೂ ಕೆಳಗ ಕೂತೇ ಇರತಾವ, ಗೆರಿ ಹಂಗೇ ಇರಲಿ.

ಶಾರ್ಟ್ ಮಾಡಬಹುದು, ಅಳತಿ ಎಲ್ಲಾ ತಿರುವಿಹಾಕಿದ್ರ ಆತು. ಆದ್ರ ಕ್ಯಾಶ್‌ನ್ಯಾಗ ಮಾಡಿದ ಶಾರ್ಟ್ ಅವತ್ತೇ ಮುಚ್ಚಬೇಕು. ಮಧ್ಯಾಹ್ನ ಎರಡರ ಮ್ಯಾಲೆ ಸ್ವೀಪ್ ಆದ್ರ ಎರಡನೇ ಗುರಿ ಮುಟ್ಟಲಿಕ್ಕೆ ಹೊತ್ತೇ ಇರೂದಿಲ್ಲ, ಬ್ರೋಕರ್ ಮೂರೂಕಾಲರ ಆಸುಪಾಸು ತಾನೇ ಮುಚ್ಚತಾನ. ಎಫ್ ಅಂಡ್ ಓ ಪಟ್ಟಿಯೊಳಗ ಇಲ್ಲದ ಷೇರಿನ್ಯಾಗ ಅಪ್ಪರ್ ಸರ್ಕ್ಯೂಟ್ ಹತ್ತಿದ್ರ ಮಾರೋವರು ಸಿಗದೇ ಶಾರ್ಟ್ ಹಂಗೇ ಉಳದು ಹರಾಜಿಗೆ ಹೋಗತದ, ದಂಡ ಬೀಳತದ. ಹಂಗಾಗಿ ಶಾರ್ಟ್ ಬದಿಗೆ ಎಫ್ ಅಂಡ್ ಓ ಪಟ್ಟಿಯ ಷೇರು ಮಾತ್ರ, ಅದೂ ಸ್ವೀಪ್ ಮಧ್ಯಾಹ್ನ ಒಂದರೊಳಗ ಆಗಿದ್ರ.

ಉಣಕಲ್_ಕೋಡ್ (ಹುಬ್ಬಳ್ಳಿ)

ಹೈ ಬದಿಗೆ ಕೋಡ್ ಬೇಕಾದ್ರ `ta.pivothigh(high, n, n)` ಹಾಕಿ, `math.min` ಇದ್ದಲ್ಲಿ `math.max`, `low < lvl and close > lvl` ಇದ್ದಲ್ಲಿ `high > lvl and close < lvl` ಮಾಡ್ರಿ. ಕೊನೆ ಸಾಲಿನ `close < lvl` ಅನ್ನ `close > lvl` ಮಾಡೂದು ಮರೀಬ್ಯಾಡ್ರಿ, ಅದನ್ನ ಹಂಗೇ ಬಿಟ್ಟರ ಗೆರಿ ಹುಟ್ಟಿದ ಕೂಡ್ಲೇ ಅಳಿಸಿ ಹೋಗತದ, ಒಂದೂ ಗುರುತು ಬರೂದಿಲ್ಲ.